ನಾಲ್ಕು ಜನ ನೋಡುವ ಬೆಳ್ಳಿ ಮುಖ: ಹಬ್ಬದ ಖರೀದಿಗೆ ಸುತ್ತಲಿನವರ ಮಾತು ಕೇಳಬೇಕೆ?

ಶ್ರಾವಣ ಬಂತೆಂದರೆ ಬೆಂಗಳೂರು, ಮಂಡ್ಯ, ಮೈಸೂರು ಕಡೆ ವರಮಹಾಲಕ್ಷ್ಮಿ ಹಬ್ಬದ ಖರೀದಿ ಶುರುವಾಗುತ್ತದೆ. ಏನು ತರಬೇಕು, ಎಷ್ಟು ತರಬೇಕು ಎನ್ನುವುದನ್ನು ಮನೆಯವರಷ್ಟೇ ತೀರ್ಮಾನಿಸುವುದಿಲ್ಲ. ಅಕ್ಕಪಕ್ಕದವರು, ಓರಗಿತ್ತಿಯರು, ಸಂಘದವರು, ಈಗೀಗ ಫೋನಿನಲ್ಲಿ ಮಾತ್ರ ಕಾಣುವವರೂ ಆ ತೀರ್ಮಾನದಲ್ಲಿ ಸೇರಿಕೊಳ್ಳುತ್ತಾರೆ. ಅವರ ಮಾತಿಗೆ ಮಣಿಯುವುದು ಒಳ್ಳೆಯದೇ? ಇಬ್ಬರು ಬರೆದಿದ್ದಾರೆ.

ಪರ: ಕೇಳಿದ್ದಕ್ಕೇ ಸರಿಯಾಗಿ ಕೊಂಡೆ

ನಾನು ಹಾವೇರಿ ಜಿಲ್ಲೆಯವಳು. ನಮ್ಮ ಊರಲ್ಲಿ ಶ್ರಾವಣದ ದೊಡ್ಡ ಹಬ್ಬ ಎಂದರೆ ನಾಗರಪಂಚಮಿ. ಪಂಚಮಿ ಮುಂದಿನ ಸಂತೆಗೆ ಅಪ್ಪ ಹೋದರೆ ಏನೇನು ತರುತ್ತಾನೆ ಎಂದು ಓಣಿಯವರೆಲ್ಲ ಹೇಳಬಲ್ಲರು: ಉಂಡಿಗೆ ಶೇಂಗಾ, ಎಳ್ಳು, ಬೆಲ್ಲ, ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕೊಬ್ಬರಿ ಬಟ್ಟಲು, ಕುಬಸದ ಕಣ, ಜೋಕಾಲಿಗೆ ಹಗ್ಗ. ಯಾರೂ ಚೀಟಿ ಬರೆದುಕೊಂಡು ಹೋಗುತ್ತಿರಲಿಲ್ಲ.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಲಕ್ಷ್ಮಿಯ ಬೆಳ್ಳಿ ಮುಖವನ್ನು ಮೊದಲ ಸಲ ಅಂಗಡಿಯಲ್ಲಿ ನೋಡಿದೆ. ಅದೇ ಭಾಷೆ, ಅದೇ ರಾಜ್ಯ, ಅದೇ ಶ್ರಾವಣ. ಆದರೂ ಖರೀದಿಯ ಪಟ್ಟಿಯೇ ಬೇರೆ. ಮಾರುಕಟ್ಟೆ ಓದುವವರು ಸಂಸ್ಕೃತಿ, ಉಪಸಂಸ್ಕೃತಿ ಎಂದು ಬೇರೆ ಮಾಡಿ ಹೇಳುವುದು ಇದನ್ನೇ. ಶ್ರಾವಣದಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬಬೇಕು, ಕಣ ಕೊಡಬೇಕು ಎನ್ನುವುದು ಎರಡೂ ಕಡೆ ಇದೆ. ಅದಕ್ಕೆ ಯಾವ ವಸ್ತು, ಯಾವ ದಿನ, ಯಾರ ಕೈಗೆ ಎನ್ನುವುದು ಧಾರವಾಡದಿಂದ ಮಂಡ್ಯಕ್ಕೆ ಬರುವಷ್ಟರಲ್ಲಿ ಬದಲಾಗಿರುತ್ತದೆ.

ಗೊತ್ತಿಲ್ಲದವಳಿಗೆ ಗುರುವಾದವರು ಎದುರುಮನೆಯ ಆಂಟಿ. ಅಂಗಡಿಗೆ ಜತೆಯಲ್ಲೇ ಬಂದರು. ನಾನು ಚೆಂದ ಕಂಡ ದೊಡ್ಡ ಮುಖವೊಂದನ್ನು ಕೈಗೆತ್ತಿಕೊಂಡಾಗ, "ಮೊದಲು ನಿಮ್ಮ ಮನೆ ಕಳಶದ ಚೊಂಬು ಎಷ್ಟಿದೆ ಹೇಳಮ್ಮ. ಕಾಯಿಗಿಂತ ಮುಖ ಭಾರವಾದರೆ ಮುಂದಕ್ಕೆ ವಾಲುತ್ತೆ," ಅಂದರು. ಮುಖವನ್ನು ತಿರುಗಿಸಿ ಹಿಂಬದಿಯಲ್ಲಿ ದಾರ ಕಟ್ಟುವ ಕೊಂಡಿಗಳನ್ನು ಬೆರಳಿನಿಂದ ಅಲುಗಿಸಿ ನೋಡಿದರು. ತೆಳು ತಗಡಿನ ಮುಖದಲ್ಲಿ ಮೊದಲು ಕಿತ್ತುಬರುವುದು ಅವೇ. ಆಮೇಲೆ ಅಂಗಡಿಯವನಿಗೆ, "ಕಣ್ಣು, ಕಲ್ಲು ಬಿಟ್ಟು ಬರೀ ಬೆಳ್ಳಿ ತೂಕ ಎಷ್ಟು? ಶುದ್ಧತೆ ಎಷ್ಟು? ಎರಡನ್ನೂ ಬಿಲ್ಲಿನಲ್ಲಿ ಬರೀರಿ. ನಾಳೆ ವಾಪಸ್ ತಂದರೆ ಎಷ್ಟು ಕಳೀತೀರಿ?" ಎಂದು ಕೇಳಿದರು. ಕೂಲಿ ವಾಪಸ್ ಬರುವುದಿಲ್ಲ ಎಂದು ಅವನೇ ಹೇಳಬೇಕಾಯಿತು. ನಾನು ಒಬ್ಬಳೇ ಹೋಗಿದ್ದರೆ ಈ ಪ್ರಶ್ನೆಗಳಲ್ಲಿ ಒಂದೂ ನನ್ನ ಬಾಯಿಗೆ ಬರುತ್ತಿರಲಿಲ್ಲ. ಕೊನೆಗೆ ತಂದದ್ದು ನಾನು ಮೊದಲು ಹಿಡಿದದ್ದರ ಅರ್ಧ ಗಾತ್ರದ ಮುಖ.

ಹೂವಿನದೂ ಹಾಗೆಯೇ. ಕನಕಾಂಬರ, ಮಲ್ಲಿಗೆ, ತಾವರೆಯ ಬೆಲೆ ಹಬ್ಬದ ಹಿಂದಿನ ಗುರುವಾರ ವಿಪರೀತ ಏರುತ್ತದೆ. ಸೇವಂತಿಗೆಯನ್ನು ಬುಧವಾರವೇ ಸಿಟಿ ಮಾರ್ಕೆಟ್ಟಿನಿಂದ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡು, ಮಲ್ಲಿಗೆಯನ್ನು ಮಾತ್ರ ಗುರುವಾರ ಎರಡು ಮಾರು ತಗೋ, ಬಾಳೆಕಂದನ್ನು ಪಕ್ಕದ ಮನೆಯವರೊಂದಿಗೆ ಹಂಚಿಕೋ: ಹತ್ತಾರು ವರ್ಷ ಹಬ್ಬ ಮಾಡಿದವರ ಲೆಕ್ಕ ಇದು.

1977ರಲ್ಲಿ ಪಾರ್ಕ್ ಮತ್ತು ಲೆಸಿಗ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ನಮ್ಮ ಖರೀದಿಯ ಮೇಲೆ 'ರೆಫರೆನ್ಸ್ ಗ್ರೂಪ್', ಅಂದರೆ ನಾವು ನಮ್ಮನ್ನು ಹೋಲಿಸಿಕೊಳ್ಳುವ ಗುಂಪು, ಮೂರು ಬಗೆಯಲ್ಲಿ ಪ್ರಭಾವ ಬೀರುತ್ತದೆ ಎಂದರು. ಗುಂಪಿನಿಂದ ಮಾಹಿತಿ ಪಡೆಯುವುದು ಒಂದು. ಗುಂಪಿನ ಮೆಚ್ಚುಗೆಗಾಗಿ, ಚುಚ್ಚುಮಾತು ತಪ್ಪಿಸಿಕೊಳ್ಳಲು ಮಣಿಯುವುದು ಇನ್ನೊಂದು. ಆ ಗುಂಪಿನವಳಾಗಿ ಕಾಣಬೇಕು ಎಂಬ ಆಸೆ ಮೂರನೆಯದು. ನಾಲ್ಕು ಜನರ ಮಾತು ಎಂದ ಕೂಡಲೇ ಎಲ್ಲರೂ ಎರಡನೆಯದನ್ನೇ ಹಿಡಿದುಕೊಂಡು ಬೈಯುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯದೇ ದೊಡ್ಡದು. ಅದೇ ಅಧ್ಯಯನದಲ್ಲಿ ಗೃಹಿಣಿಯರಿಗಿಂತ ವಿದ್ಯಾರ್ಥಿಗಳೇ ಗುಂಪಿನ ಪ್ರಭಾವಕ್ಕೆ ಹೆಚ್ಚು ಒಳಗಾಗುತ್ತಾರೆ ಎಂದೂ ಕಂಡುಬಂತು. ಅದು ಬೇರೆ ದೇಶದ, ಬೇರೆ ಕಾಲದ ಮಾತು, ನಿಜ. ಆದರೂ ಹೆಂಗಸರು ನೆರೆಯವರನ್ನು ನೋಡಿ ಕುರುಡಾಗಿ ಕೊಳ್ಳುತ್ತಾರೆ ಎನ್ನುವವರು ಸ್ವಲ್ಪ ನಿಂತು ಯೋಚಿಸಲಿ.

ಮೂರನೆಯದರ ಬಗ್ಗೆಯೂ ನನಗೆ ನಾಚಿಕೆಯಿಲ್ಲ. ನಮ್ಮ ಮಹಡಿಯ ಹೆಂಗಸರಲ್ಲಿ ಒಬ್ಬಳಾಗಬೇಕು ಎಂದು ನಾನು ಬಯಸಿದ್ದೆ. ವ್ರತದ ಕಥೆಯಲ್ಲೂ ಚಾರುಮತಿ ಕನಸು ಕಂಡವಳು ಒಬ್ಬಳೇ ಕೂತು ಪೂಜೆ ಮಾಡಲಿಲ್ಲ. ಮನೆಯವರಿಗೆ ಹೇಳಿದಳು, ಊರ ಹೆಂಗಸರನ್ನೆಲ್ಲ ಕೂಡಿಸಿಕೊಂಡಳು. ಈಗ ಪಂಚಮಿಗೆ ನಾನು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಆರು ಮನೆಗೆ ಕೊಡುತ್ತೇನೆ. ಎದುರುಮನೆ ಆಂಟಿಯ ಶ್ರಾವಣದ ಪಟ್ಟಿಯಲ್ಲಿ ಈಗ ಎರಡು ಕೆಜಿ ಶೇಂಗಾ ಸೇರಿದೆ.

ವಿರೋಧ: ಕಂತಿನ ಪುಸ್ತಕ ಬೇರೆಯೇ ಹೇಳುತ್ತದೆ

ನಾನು ನಮ್ಮ ಬಡಾವಣೆಯ ಮಹಿಳಾ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸಾಲದ ಅರ್ಜಿಯಲ್ಲಿ ಕಾರಣ ಬರೆಯುವ ಒಂದು ಕಲಂ ಇದೆ. ಆಷಾಢ ಮುಗಿಯುವ ಹೊತ್ತಿಗೆ ಅಲ್ಲಿ 'ಮನೆ ಖರ್ಚು' ಎಂದು ಬರುವ ಅರ್ಜಿಗಳು ಹೆಚ್ಚಾಗುತ್ತವೆ. ಯಾವ ಖರ್ಚು ಎಂದು ನಾನು ಕೇಳುವುದಿಲ್ಲ, ಅವರು ಹೇಳದೆಯೂ ಇರುವುದಿಲ್ಲ.

ಒಂದು ಮನೆಯ ಲೆಕ್ಕ ಹೇಳುತ್ತೇನೆ. 2024ರ ಹಬ್ಬಕ್ಕೆ ಮುನ್ನ ಆಕೆ 20,000 ರೂಪಾಯಿ ಎತ್ತಿದರು. ವಾರಕ್ಕೆ 460ರಂತೆ 50 ಕಂತು, ಒಟ್ಟು 23,000. ಆ ಹಣದಲ್ಲಿ ಒಂದು ಬೆಳ್ಳಿ ಮುಖ, ದೇವಿಗೆ ಉಡಿಸಲು ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡಲು ಮೂವತ್ತು ಸ್ಟೀಲ್ ಡಬ್ಬಿ. ಆ ವರ್ಷ ಹಬ್ಬ ಆಗಸ್ಟ್ 16ಕ್ಕೆ ಬಂತು, ಮರುವರ್ಷ ಆಗಸ್ಟ್ 8ಕ್ಕೆ. ನಡುವೆ ಸರಿಯಾಗಿ 51 ವಾರ. ಚಾಂದ್ರಮಾನದ ವರ್ಷ ನಮ್ಮ ಕ್ಯಾಲೆಂಡರಿಗಿಂತ ಹತ್ತು ಹನ್ನೊಂದು ದಿನ ಚಿಕ್ಕದು, ಅಧಿಕ ಮಾಸ ಬರದ ವರ್ಷ ಹಬ್ಬ ಮುಂಚೆಯೇ ಬಂದುಬಿಡುತ್ತದೆ. ಆಕೆ ಕೊನೆಯ ಕಂತು ಕಟ್ಟಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಾಗ ಬೀದಿಯಲ್ಲಿ ಬಾಳೆಕಂದು ಮಾರುವವರು ಆಗಲೇ ಬಂದಿದ್ದರು.

ಈ ಹಣ ಎಲ್ಲಿಂದ ಬಂತು ಎನ್ನುವುದು ನನ್ನ ಪ್ರಶ್ನೆ. 460 ರೂಪಾಯಿ ಆಕಾಶದಿಂದ ಬೀಳುವುದಿಲ್ಲ. 1982ರಲ್ಲಿ ಬೇರ್ಡನ್ ಮತ್ತು ಎಟ್ಸೆಲ್ ಎಂಬ ಸಂಶೋಧಕರು ವಸ್ತುಗಳನ್ನು ಎರಡು ಪ್ರಶ್ನೆ ಕೇಳಿ ವಿಂಗಡಿಸಿದರು: ಇದು ಅಗತ್ಯವೋ, ಐಷಾರಾಮವೋ? ಇದನ್ನು ಬಳಸುವುದು ಬೇರೆಯವರ ಕಣ್ಣಿಗೆ ಬೀಳುತ್ತದೋ, ಇಲ್ಲವೋ? ಕಣ್ಣಿಗೆ ಬೀಳುವ ಐಷಾರಾಮದಲ್ಲಿ, ಅದನ್ನು ಕೊಳ್ಳಬೇಕೇ ಎನ್ನುವುದರಲ್ಲೂ ಯಾವುದನ್ನು ಕೊಳ್ಳಬೇಕು ಎನ್ನುವುದರಲ್ಲೂ ಗುಂಪಿನ ಕೈ ಬಲವಾಗಿರುತ್ತದೆ. ಒಳಗಿನ ಅಗತ್ಯದಲ್ಲಿ, ಅವರು ಕೊಟ್ಟ ಉದಾಹರಣೆ ಹಾಸಿಗೆ, ಎರಡರಲ್ಲೂ ಗುಂಪಿಗೆ ಬಲವಿಲ್ಲ. ಹಬ್ಬ ಮಾಡುವುದೇನೆಂದರೆ ನಡುಮನೆಯ ಬಾಗಿಲು ತೆರೆದು ಒಳಗಿನದನ್ನು ಹೊರಗಿನದಾಗಿಸುತ್ತದೆ. ವರ್ಷಪೂರ್ತಿ ಬೀರುವಿನಲ್ಲಿರುವ ಬೆಳ್ಳಿಯನ್ನು ಒಂದು ಸಂಜೆ ಮೂವತ್ತು ಜನ ನೋಡುತ್ತಾರೆ. ತೊಗರಿಬೇಳೆ ಡಬ್ಬಿಯನ್ನು ಯಾರೂ ತೆರೆದು ನೋಡುವುದಿಲ್ಲ. ಹಾಗಾಗಿ ಕಡಿತ ಬೀಳುವುದು ಅಲ್ಲಿ. ಆ ಮನೆಯಲ್ಲಿ ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಯಿತು, ಮಗನ ಕನ್ನಡಕ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು.

ಎದುರುಮನೆಯ ಆಂಟಿಯಂಥವರು ಸಿಕ್ಕರೆ ಅದೃಷ್ಟ, ಒಪ್ಪುತ್ತೇನೆ. ಆದರೆ ಮುಖವನ್ನು ಹೇಗೆ ಆರಿಸಬೇಕು ಎಂದು ಗುಂಪು ಚೆನ್ನಾಗಿ ಹೇಳಿಕೊಡುತ್ತದೆ. ಮುಖ ಬೇಡವೆಂದರೂ ನಡೆಯುತ್ತದೆ ಎಂದು ಹೇಳುವುದು ತೀರಾ ಅಪರೂಪ. ವ್ರತಕ್ಕೆ ಬೇಕಾದದ್ದು ಕಳಶ, ಅಕ್ಕಿ, ಕಾಯಿ, ಎಲೆ, ಒಂಬತ್ತು ಗಂಟಿನ ದಾರ. ನನ್ನ ಅಜ್ಜಿ ಕಾಯಿಗೆ ಅರಿಶಿನ ಬಳಿದು ಕಾಡಿಗೆಯಲ್ಲಿ ಕಣ್ಣು ತಿದ್ದುತ್ತಿದ್ದರು. ಅಮ್ಮನ ಕಾಲಕ್ಕೆ ಹಿತ್ತಾಳೆ ಮುಖ ಬಂತು, ನಮ್ಮ ಕಾಲಕ್ಕೆ ಬೆಳ್ಳಿ. ಈಗ ಕೈಕಾಲು ಸಮೇತ ಸೀರೆ ಉಡಿಸಿಟ್ಟ ಸಿದ್ಧ ದೇವಿ, ಹಿಂದೆ ಕಟ್ಟುವ ಅಲಂಕಾರದ ಪರದೆ. ಒಂದೊಂದು ಮೆಟ್ಟಿಲೂ ಹತ್ತುವಾಗ ಐಷಾರಾಮ, ಹತ್ತಿದ ಮೇಲೆ ಅಗತ್ಯ. ಕೆಳಗಿಳಿದವರನ್ನು ನಾನು ಹೆಚ್ಚು ನೋಡಿಲ್ಲ. ಚಾರುಮತಿಯ ಕಥೆಯನ್ನು ಪರ ಬರೆದವರು ನೆನೆದರು. ಅದೇ ಕಥೆಯಲ್ಲಿ ಹೆಂಗಸರಿಗೆ ಒಡವೆಗಳು ಮೂಡುವುದು ಪ್ರದಕ್ಷಿಣೆ ಹಾಕುವಾಗ. ಪೂಜೆಗೆ ಕೂರುವ ಮೊದಲು ಒಡವೆ ಇರಬೇಕೆಂದು ಕಥೆ ಕೇಳುವುದಿಲ್ಲ.

ಗುಂಪೂ ಹಿಂದಿನ ಗುಂಪಲ್ಲ. ವಠಾರದಲ್ಲಿ ಎಂಟು ಮನೆ ಇದ್ದಾಗ ಯಾರ ಸಂಪಾದನೆ ಎಷ್ಟು ಎಂದು ಎಲ್ಲರಿಗೂ ಗೊತ್ತಿತ್ತು. ಗುಮಾಸ್ತರ ಮನೆಯವರು ಗುಮಾಸ್ತರ ಮನೆಗೆ ಹೋಲಿಸಿಕೊಳ್ಳುತ್ತಿದ್ದರು, ಆ ಹೋಲಿಕೆಗೆ ಒಂದು ಮಿತಿ ಇತ್ತು. ಈಗ ಹಬ್ಬದ ಬೆಳಗ್ಗೆ ಹತ್ತಕ್ಕೆಲ್ಲ ಸ್ಟೇಟಸ್ಸಿನಲ್ಲಿ ನೂರು ಅಲಂಕಾರ ಬಂದಿರುತ್ತವೆ. ಆ ಮನೆಯ ಸಂಬಳ, ಸಾಲ ಯಾವುದೂ ಚಿತ್ರದಲ್ಲಿ ಇರುವುದಿಲ್ಲ. ನಮ್ಮವರಲ್ಲದವರನ್ನು ಅಳತೆಗೋಲು ಮಾಡಿಕೊಂಡರೆ ಅವರಿಂದ ಮಾಹಿತಿಯೂ ಸಿಗುವುದಿಲ್ಲ, ಆಪತ್ತಿಗೆ ಅವರು ಬರುವುದೂ ಇಲ್ಲ. ಉಳಿಯುವುದು ಒತ್ತಡ ಒಂದೇ.

ರೂಢಿಯು ವಸ್ತುವನ್ನು ಉಳಿಸಿಕೊಂಡು ಉಪಯೋಗವನ್ನು ಕೈಬಿಡುವುದಕ್ಕೆ ತಾಂಬೂಲದ ಕಣ ಸಾಕ್ಷಿ. ಕುಪ್ಪಸ ಹೊಲಿಸಿಕೊಳ್ಳಲಿ ಎಂದು ಕೊಡುತ್ತಿದ್ದ ಬಟ್ಟೆ ಅದು. ಈಗ ಕೊಡುವುದಕ್ಕೆಂದೇ ಮಾರುವ ಕಣಗಳು ಬಂದಿವೆ: ಗಂಜಿ ಹಾಕಿ ಗರಿಗರಿಯಾಗಿ ಮಡಿಸಿರುತ್ತಾರೆ, ಬಿಡಿಸಿ ಅಳೆದರೆ ತೋಳಿಗೆ ಸಾಲದು. ಹೊಲಿಸಲಾಗದ್ದನ್ನು ಪಡೆದವರು ಮುಂದಿನ ಮನೆಗೆ ದಾಟಿಸುತ್ತಾರೆ. ಹಸಿರು ಬಣ್ಣದ ಕಣವೊಂದರ ಮೂಲೆಗೆ ನನ್ನ ಕೈಯಿಂದಲೇ ಅರಿಶಿನದ ಕಲೆ ಬಿದ್ದಿತ್ತು. ನವರಾತ್ರಿಯಲ್ಲಿ ಅದೇ ಕಲೆಯೊಂದಿಗೆ ಅದು ನನ್ನ ತಟ್ಟೆಗೆ ವಾಪಸ್ ಬಂತು.

ಸಾಲ ತೀರಿಸಿದ ಆ ಮನೆಯವರು 2025ರಲ್ಲಿ ಮತ್ತೆ ಅರ್ಜಿ ಹಾಕಲಿಲ್ಲ. ಮುಖ ಹೇಗೂ ಇತ್ತು, ಹಳೆಯ ಸೀರೆಯನ್ನೇ ಉಡಿಸಿದರು, ಡಬ್ಬಿಯ ಬದಲು ಎರಡು ಬಾಳೆಹಣ್ಣು, ಎಲೆ ಅಡಿಕೆ ಕೊಟ್ಟರು. ಪಕ್ಕದಲ್ಲಿ ಇನ್ನೊಂದು ಪುಟ್ಟ ಕಳಶವಿಟ್ಟು, ಮಗಳಿಂದ ಕಾಯಿಗೆ ಅರಿಶಿನ ಬಳಿಸಿ ಕಣ್ಣು ಬರೆಸಿದ್ದರು. ಅರಿಶಿನ ಕುಂಕುಮಕ್ಕೆ ಹೋಗಿದ್ದ ನಮ್ಮಲ್ಲಿ ಇಬ್ಬರು ಬೆಳ್ಳಿ ಮುಖವನ್ನು ಬಿಟ್ಟು ಅದರ ಮುಂದೆ ಕೂತರು. "ಕಾಡಿಗೆ ಹರಡದ ಹಾಗೆ ಹೇಗೆ ಬರೆದೆ ಪುಟ್ಟಿ?" ಎಂದು ಒಬ್ಬರು ಕೇಳಿದರು. ಅರಿಶಿನ ಪೂರ್ತಿ ಒಣಗಿದ ಮೇಲೆ ಕಡ್ಡಿಯಲ್ಲಿ ಬರೆಯಬೇಕು ಎಂದು ಆ ಹುಡುಗಿ ತೋರಿಸಿಕೊಟ್ಟಳು.