ಮಗು ಉತ್ತರ ಹೇಳಿದ ಮೇಲೂ ಸ್ವಲ್ಪ ಹೊತ್ತು ಸುಮ್ನಿರಿ

ಆರನೇ ಕ್ಲಾಸಿಗೆ ನಾನು ಮಾಡಿದ ಒಂದು ವಿಜ್ಞಾನದ ಪಾಠವನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡು, ರಾತ್ರಿ ಮನೆಯಲ್ಲಿ ಕೂತು ಕೇಳಿದೆ. "ಆವಿ ತಣ್ಣಗಾಗಿ ನೀರಾಗೋದಕ್ಕೆ ಏನಂತಾರೆ? ಸಾಂದ್ರೀ..." ಅಂತ ನಾನು ಎಳೆಯುತ್ತೇನೆ. ಇಡೀ ಕ್ಲಾಸು "ಕರಣ!" ಅಂತ ಕೂಗುತ್ತದೆ. ನಲವತ್ತು ನಿಮಿಷ ಹೀಗೇ. ಒಂದೇ ಒಂದು ಮಗು ಪೂರ್ತಿ ವಾಕ್ಯ ಹೇಳಿಲ್ಲ. ನಾನು ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಅಂತ ಮತ್ತೆ ನಾನೇ ಬಾಯಿ ತೆರೆಯೋದಕ್ಕೆ ಒಂದು ಸೆಕೆಂಡೂ ಹಿಡಿದಿಲ್ಲ. ಕೇಳಿ ತುಂಬಾ ಬೇಜಾರಾಯಿತು.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವ ಸಂಶೋಧಕಿ ವಿಜ್ಞಾನದ ತರಗತಿಗಳನ್ನು ಟೇಪ್ ಮಾಡಿ ಅಳೆದು ನೋಡಿದ್ದರು. 1974ರಲ್ಲಿ ಅವರ ಲೇಖನ ಬಂತು. ಅಲ್ಲೂ ಟೀಚರುಗಳು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನೋದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳೋದು ಜಾಸ್ತಿಯಾಯಿತು. ಇಷ್ಟನ್ನು ಟೀಚರ್ ಟ್ರೈನಿಂಗುಗಳಲ್ಲಿ ಹೇಳುತ್ತಾರೆ. ಆದರೆ ರೋ ಗುರುತಿಸಿದ ಕಾಯುವ ಜಾಗ ಒಂದಲ್ಲ, ಎರಡು. ಪ್ರಶ್ನೆ ಕೇಳಿದ ಮೇಲೆ ಒಂದು, ಮಗು ಉತ್ತರ ಹೇಳಿದ ಮೇಲೆ ಇನ್ನೊಂದು. ಈ ಎರಡನೆಯದೇ ನನ್ನ ಕ್ಲಾಸನ್ನು ಬದಲಾಯಿಸಿದ್ದು. ಯಾರೂ ಅದರ ಬಗ್ಗೆ ಮಾತಾಡೋದೇ ಇಲ್ಲ.

ಹೇಗೆ ಅಂತ ಹೇಳುತ್ತೇನೆ. ಅದೇ ಪಾಠವನ್ನು ಇನ್ನೊಂದು ಸೆಕ್ಷನ್ನಿಗೆ ಮಾಡಬೇಕಿತ್ತು. ಈ ಸಲ ಒಂದು ಸ್ಟೀಲ್ ಲೋಟದ ಹೊರಗನ್ನು ಚೆನ್ನಾಗಿ ಒರೆಸಿ, ಐಸ್ ನೀರು ತುಂಬಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಹೊರಗೆಲ್ಲ ಹನಿ. "ಈ ನೀರು ಎಲ್ಲಿಂದ ಬಂತು ಅಂತ ನಿಮಗನ್ನಿಸುತ್ತೆ?" ಅಂತ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿದೆ. ಒಬ್ಬ ಹುಡುಗ "ಲೋಟ ಸೋರ್ತಿದೆ ಸಾರ್" ಅಂದ.

ಮೊದಲಾಗಿದ್ದರೆ "ಅಲ್ಲ, ಬೇರೆ ಯಾರು ಹೇಳ್ತೀರಿ?" ಅಂತಿದ್ದೆ. ಈ ಸಲ ಏನೂ ಹೇಳಲಿಲ್ಲ, ಅವನ ಮುಖ ನೋಡುತ್ತಾ ನಿಂತೆ. ಮೂರು ನಾಲ್ಕು ಸೆಕೆಂಡ್ ಆದ ಮೇಲೆ ಅವನೇ ಮುಂದುವರಿಸಿದ. "ಆದ್ರೆ ಬಿಸಿ ಟೀ ಹಾಕಿದ್ರೆ ಸೋರಲ್ಲ ಸಾರ್." ತನ್ನ ಉತ್ತರಕ್ಕೆ ತಾನೇ ತಕರಾರು ತೆಗೆದ! ನಾನು ನಡುವೆ ಬಾಯಿ ಹಾಕಿದ್ದರೆ ಆ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಬಾಯಿ ಹಾಕೋದು ಅಂದರೆ ತಪ್ಪು ಅನ್ನೋದು ಮಾತ್ರ ಅಲ್ಲ. "ವೆರಿ ಗುಡ್" ಅನ್ನೋದೂ ಅದೇ ಕೆಲಸ ಮಾಡುತ್ತೆ. ಮಗು ಹೇಳಿದ್ದನ್ನೇ ನಾವು ಜೋರಾಗಿ ಮತ್ತೆ ಹೇಳೋದೂ ಅಷ್ಟೇ. ಉತ್ತರ ಸಿಕ್ಕಿತು, ಯೋಚನೆ ಮುಗೀತು ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಸಾರ್ ಹೇಗೂ ಇನ್ನೊಂದು ಸಲ ಹೇಳ್ತಾರೆ ಅಂತ ಗೊತ್ತಿದ್ದರೆ ಪಕ್ಕದವನ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ?

ಹಾಗಂತ ಎಲ್ಲ ಪ್ರಶ್ನೆಗೂ ಕಾಯಬೇಕಿಲ್ಲ. ಏಳೆಂಟಲ ಎಷ್ಟು ಅಂತ ಕೇಳಿ ಐದು ಸೆಕೆಂಡ್ ನಿಂತರೆ ಗೊತ್ತಿಲ್ಲದ ಮಗು ತಲೆ ತಗ್ಗಿಸುತ್ತೆ, ಅಷ್ಟೇ. ಕಾಯೋದಕ್ಕೆ ತಕ್ಕ ಪ್ರಶ್ನೆ ಬೇಕು. "ಯಾಕೆ" ಅಂತ ಶುರುವಾದ ಮಾತ್ರಕ್ಕೆ ಅದು ಯೋಚಿಸೋ ಪ್ರಶ್ನೆಯಾಗಲ್ಲ. ನೋಟ್ಸಿನಲ್ಲಿ ಉತ್ತರ ಬರೆಸಿದ್ದರೆ ಅದೂ ಬಾಯಿಪಾಠವೇ. ನಾನು ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದಿಟ್ಟುಕೊಳ್ಳುತ್ತೇನೆ. ಒಂದು ಪಿರಿಯಡ್ಡಿಗೆ ಎರಡೋ ಮೂರೋ, ಅದಕ್ಕಿಂತ ಜಾಸ್ತಿ ಇಲ್ಲ. ನಿಂತ ಕಾಲಲ್ಲಿ ಹುಟ್ಟೋ ಪ್ರಶ್ನೆಗಳೆಲ್ಲ "ಏನಂತಾರೆ?" ಅನ್ನೋ ಜಾತಿಯವೇ ಆಗಿರುತ್ತವೆ.

ಆವತ್ತು ಬರೆದಿಟ್ಟಿದ್ದ ಎರಡನೇ ಪ್ರಶ್ನೆ, "ಸೋರ್ತಿದೆಯೋ ಇಲ್ವೋ ಅಂತ ಕಂಡುಹಿಡಿಯೋದು ಹೇಗೆ?" ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ನನಗೇ ಚಡಪಡಿಕೆ ಶುರುವಾಗಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗಿ, ಆ ವರ್ಷ ಕ್ಲಾಸಲ್ಲಿ ಬಾಯಿಯೇ ಬಿಡದಿದ್ದವಳು, "ಒಳಗೆ ಇಂಕ್ ಹಾಕಿ ನೋಡೋಣ" ಅಂದಳು. ಕೆಂಪು ಇಂಕ್ ಹಾಕಿದೆವು. ಹೊರಗಿನ ಹನಿಯನ್ನು ಬಿಳಿ ಕರ್ಚೀಫಿನಲ್ಲಿ ಒರೆಸಿದಳು. ಬಣ್ಣ ಇಲ್ಲ. ನನ್ನ ಪ್ರಕಾರ ಅಲ್ಲಿಗೆ ಪಾಠ ಮುಗಿದಿತ್ತು, "ಸಾಂದ್ರೀಕರಣ" ಅಂತ ಬರೆಯೋದಕ್ಕೆ ಬೋರ್ಡಿನ ಕಡೆ ತಿರುಗಿದ್ದೆ. ಅಷ್ಟರಲ್ಲಿ ಆ ಮೊದಲ ಹುಡುಗ, "ಇಂಕ್ ಒಳಗೇ ಉಳ್ಕೊಂಡು ಬರೀ ನೀರು ಸೋರಿರಬಹುದಲ್ವಾ?" ಅಂದ.

ಟೀ ಸೋಸುವಾಗ ಸೊಪ್ಪು ಮೇಲೆ ಉಳಿಯುತ್ತಲ್ಲ, ಹಾಗೆ. ಒಳ್ಳೆ ಪ್ರಶ್ನೆ ಅದು. ಬೆಲ್ ಹೊಡೆಯಿತು. ಸುಮ್ಮನೆ ನಿಂತೆ. ಬ್ಯಾಗು ಹಾಕಿಕೊಳ್ಳುತ್ತಲೇ ಆ ಹುಡುಗಿ ಅವನಿಗೆ ಹೇಳಿದಳು. "ಖಾಲಿ ಲೋಟ ತಣ್ಣಗೆ ಮಾಡಿದ್ರೆ? ಒಳಗೆ ನೀರೇ ಇಲ್ಲ ಅಂದ್ರೆ ಸೋರೋದೇನು?"

ಮಾರನೇ ದಿನ ಎದುರಿನ ಅಂಗಡಿಯ ಫ್ರಿಜ್ಜಲ್ಲಿ ಖಾಲಿ ಲೋಟ ಇಡಿಸಿ ತಂದೆವು. ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡು, ಲೋಟ ಮಂಜಾಗೋದನ್ನೇ ನೋಡುತ್ತಿದ್ದರು.