ಮುಳುಗಿದವರಿಗೆಲ್ಲ ರಾಜಯೋಗ

ಬಾಗಲಕೋಟೆಯಲ್ಲಿ ಈಗ ಬಡವರೇ ಇಲ್ಲ. ಎಲ್ಲರೂ ರಾಜರು, ಸಿಂಹಾಸನ ಬರುವುದೊಂದು ಬಾಕಿ. ಸಾಲ ಇದೆಯಾ? ಜಾತಕದ ಆರನೇ ಮನೆ. ಹೊಲ ಹಿನ್ನೀರಿಗೆ ಹೋಯಿತಾ? ಎಂಟನೇ ಮನೆ. ವಕೀಲರ ಫೀಸಿಗೆ ಎಮ್ಮೆ ಮಾರಿದಿರಾ? ಹನ್ನೆರಡನೇ ಮನೆ. ಈ ಮೂರು ಕೆಟ್ಟ ಮನೆಗಳ ಅಧಿಪತಿಗಳು ಇವೇ ಮೂರರಲ್ಲಿ ಕೂತರೆ, ಕೆಟ್ಟದ್ದು ಕೆಟ್ಟದ್ದನ್ನೇ ತಿಂದು ಕಷ್ಟದ ನಂತರ ಲಾಭ ಬರುತ್ತದಂತೆ. ಅದೇ ವಿಪರೀತ ರಾಜಯೋಗ.

ನಮ್ಮ ಓಣಿಯ ಕಾಕಾ ಒಬ್ಬರ ಹೊಲ ಹಿನ್ನೀರಿನ ಅಂಚಿಗಿದೆ. ಆಲಮಟ್ಟಿ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಅದೂ ಮುಳುಗುತ್ತದೆ. ಪರಿಹಾರಕ್ಕೆ ಅಲೆದು ಚಪ್ಪಲಿ ಸವೆದ ಮೇಲೆ ನವನಗರದ ಜ್ಯೋತಿಷಿಯ ಹತ್ತಿರ ಹೋದರು.

"ಕಾಕಾ, ನಿಮ್ದು ಕನ್ಯಾ ಲಗ್ನ. ಹನ್ನೆರಡರ ಅಧಿಪತಿ ರವಿ ಎಂಟರಾಗ, ಮೇಷದಾಗ ಉಚ್ಚ ಆಗಿ ಕುಂತಾನ. ಇದು ವಿಪರೀತ ರಾಜಯೋಗದಾಗಿನ ವಿಮಲ ಯೋಗರೀ!"

ನಾನು ಜಾತಕ ಇಸಿದುಕೊಂಡು ನೋಡಿದೆ. ರವಿ ಅಲ್ಲೇ ಇದ್ದಾನೆ, ಸುಳ್ಳಲ್ಲ. ಆದರೆ ಏಪ್ರಿಲ್ ನಡುವಿನಿಂದ ಮೇ ನಡುವಿನ ತನಕ ಅವನು ಪ್ರತಿ ವರ್ಷ ಮೇಷದಲ್ಲೇ ಇರುತ್ತಾನಲ್ವಾ? ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ದಿನಾ ಸುಮಾರು ಎರಡು ತಾಸು ಕನ್ಯಾ ಲಗ್ನ. ಆಗ ಹುಟ್ಟಿದ ಕೂಸುಗಳಿಗೆಲ್ಲ ಇದೇ ಯೋಗ. ಮೂವರು ಅಧಿಪತಿಗಳಲ್ಲಿ ಒಬ್ಬನಾದರೂ ಈ ಮನೆಗಳಲ್ಲಿ ಸಿಗುವುದನ್ನು ಲೆಕ್ಕ ಹಾಕಿ: ಹೆಚ್ಚು ಕಡಿಮೆ 64 ಜನರಲ್ಲಿ 37 ಮಂದಿ. ಅರ್ಧಕ್ಕಿಂತ ಜಾಸ್ತಿ ಊರು ರಾಜವಂಶ.

ಅದಕ್ಕೇ ಉತ್ತರ ಕಾಲಾಮೃತ ಎಂಬ ಹಳೇ ಜ್ಯೋತಿಷ್ಯ ಗ್ರಂಥ ಬಿಗಿ ಷರತ್ತು ಹಾಕಿದೆ. ಈ ಅಧಿಪತಿಗಳು ತಮ್ಮತಮ್ಮಲ್ಲೇ ಕೂಡಬೇಕು. ಬೇರೆ ಮನೆಯವರು ಜೊತೆ ಸೇರಬಾರದು, ನೋಡಲೂಬಾರದು. ಕಾಕಾನ ರವಿಯ ಪಕ್ಕದಲ್ಲೇ ಬುಧ. ಬುಧ ರವಿಯಿಂದ 28 ಡಿಗ್ರಿಗಿಂತ ದೂರ ಹೋಗುವವನಲ್ಲ, ಸಾಲಗಾರನ ಹಿಂದಿನ ಬಡ್ಡಿಯವನ ಹಾಗೆ. ಮೇಲಾಗಿ ಕನ್ಯಾಕ್ಕೆ ಅವನೇ ಲಗ್ನಾಧಿಪತಿ, ಹತ್ತರ ಅಧಿಪತಿಯೂ ಹೌದು. ಯೋಗ ಅಲ್ಲೇ ಕೆಟ್ಟಿತು. ಲಗ್ನದವನೇ ಎಂಟಕ್ಕೆ ಇಳಿದ ಸಂಕಟ ಬೇರೆ.

ಸರಿ, ಬುಧನನ್ನು ಸುಮ್ನೆ ಮರೆಯೋಣ. ಫಲ ಬರಬೇಕಾದದ್ದು ರವಿ ದಶೆಯಲ್ಲಿ. ಕಾಕಾ ಪುಬ್ಬಾ ನಕ್ಷತ್ರ, ಹುಟ್ಟಿದಾಗ ಶುಕ್ರ ದಶೆ ಇನ್ನೂ ಹತ್ತು ವರ್ಷ ಉಳಿದಿತ್ತು. ನಂತರದ ಆರು ವರ್ಷ ರವಿ. ಅಂದರೆ ಹತ್ತರಿಂದ ಹದಿನಾರರ ವಯಸ್ಸಿನಲ್ಲೇ ರಾಜಯೋಗ ಬಂದು ಹೋಗಿದೆ. ಆಗ ಅವರು ಏಳನೇ ಇಯತ್ತೆ ಎರಡು ಸಲ ಫೇಲಾಗಿದ್ದರು. ಮೂರನೇ ಸಲ ಪಾಸಾದರು. ಕಷ್ಟದ ನಂತರದ ಲಾಭ ಅದೇ ಇರಬೇಕು. ಇನ್ನೊಮ್ಮೆ ರವಿ ದಶೆ ಬರಲು ಪೂರ್ತಿ 120 ವರ್ಷದ ಸುತ್ತು ಮುಗಿಯಬೇಕು.

ಇದನ್ನೆಲ್ಲ ಹೇಳಿದೆ. ಕಾಕಾ ಬೇಜಾರಾಗಲಿಲ್ಲ.

"ಅವರೂ ಪರಿಹಾರ ಐತಿ ಅಂದ್ರೋ ತಮ್ಮಾ."

"ಎಷ್ಟು ಕೊಡ್ತಾರಂತ?"

"ಅವರು ಕೊಡೂದಲ್ಲಪಾ. ನಾ ಕೊಡೂದು. ಐದು ಸಾವಿರ."