ಸತ್ಯಾಂಶ: ಸಹಕಾರಿ ಬ್ಯಾಂಕ್ ಮುಚ್ಚಿದರೆ ಎಷ್ಟು ಸಿಗುತ್ತದೆ?

“ಬ್ಯಾಂಕ್ ಮುಳುಗಿದ್ರೆ ಎಷ್ಟೇ ಇಟ್ಟಿದ್ರೂ ಸಿಗೋದು ಒಂದೇ ಲಕ್ಷ. ಇವತ್ತೇ ಎಲ್ಲಾ ತೆಗೆದುಬಿಡಿ!”

ಇದು ಹಳೆಯ ಲೆಕ್ಕ. 2020ರ ಫೆಬ್ರವರಿ 4ರಿಂದ ಠೇವಣಿ ವಿಮೆಯ ಮಿತಿ 5 ಲಕ್ಷ ರೂಪಾಯಿ. ಆದರೆ ಇದು ಒಂದೊಂದು ಖಾತೆಗಲ್ಲ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ನಿಮ್ಮ ಹೆಸರಲ್ಲಿರುವ ಹಣವನ್ನು ಬಡ್ಡಿ ಸಮೇತ ಕೂಡಿಸುತ್ತಾರೆ.

ಎಫ್‌ಡಿಯಲ್ಲಿ 4,20,000, ಉಳಿತಾಯ ಖಾತೆಯಲ್ಲಿ 60,000, ಬಡ್ಡಿ 50,000 ಇದೆ ಅಂದುಕೊಳ್ಳಿ. ಒಟ್ಟು 5,30,000. ವಿಮೆಯಿಂದ 5 ಲಕ್ಷ ಬರುತ್ತದೆ. ಉಳಿದ 30,000 ಬ್ಯಾಂಕಿನ ಸಾಲ, ಆಸ್ತಿ ವಸೂಲಾದ ಮೇಲಿನ ಮಾತು. ಅದಕ್ಕೆ ಖಾತರಿ ಇಲ್ಲ. ಗಂಡ ಹೆಂಡತಿಯ ಜಂಟಿ ಖಾತೆಯನ್ನು ಬೇರೆಯಾಗಿ ಎಣಿಸುತ್ತಾರೆ.

ರಿಸರ್ವ್ ಬ್ಯಾಂಕ್ ಹಣ ತೆಗೆಯುವುದಕ್ಕೆ ನಿರ್ಬಂಧ ಹಾಕಿತು ಅಂದ ಮಾತ್ರಕ್ಕೆ ಬ್ಯಾಂಕ್ ಮುಚ್ಚಿದಂತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಮೊದಲು 35,000ದ ಮಿತಿ ಬಂದಾಗ ಜನ ಎಷ್ಟು ಗಾಬರಿಯಾದರು, ಅಲ್ವಾ? ಠೇವಣಿ ವಿಮೆ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ಇಂಥ ನಿರ್ಬಂಧ ಬಿದ್ದರೆ ವಿಮೆಯ ಹಣ ಸಾಮಾನ್ಯವಾಗಿ 90 ದಿನದೊಳಗೆ ಬರಬೇಕು. ಅದಕ್ಕೆ ಒಪ್ಪಿಗೆ ಪತ್ರ, ಬೇರೆ ಬ್ಯಾಂಕಿನ ಖಾತೆ ವಿವರ ಕೊಡಬೇಕು. ಇದನ್ನು ಕೊಡದಿದ್ದರೆ ಹಣ ಸುಮ್ನೆ ತಡವಾಗುತ್ತದೆ.

ಒಂದು ಎಚ್ಚರಿಕೆ: ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ನಿಮ್ಮದು ಬ್ಯಾಂಕೋ ಸಂಘವೋ ಅಂತ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಿ.